ನಾಯಿಯ ವರ್ಷದ ಖರ್ಚು: ಸೂಜಿಯ ಲೆಕ್ಕ ಚಿಕ್ಕದು, ತಟ್ಟೆಯ ಲೆಕ್ಕ ದೊಡ್ಡದು

ಚಿತ್ರದುರ್ಗದಲ್ಲಿರುವ ನನ್ನ ತಂಗಿಯ ಮನೆಗೆ ನಾಯಿಮರಿಯೊಂದು ಬರುವುದಿದೆ. ಬರುವ ಮುಂಚೆಯೇ ಅದರ ಖರ್ಚಿನ ಬಗ್ಗೆ ಮನೆಯಲ್ಲಿ ಎರಡು ಪಕ್ಷಗಳಾಗಿವೆ. ಭಾವನವರ ವಾದ ಸರಳವಾಗಿದೆ: "ಅನ್ನಕ್ಕೆ ಹಾಲು ಕಲಸಿ ಹಾಕಿದರಾಯಿತು. ವರ್ಷಕ್ಕೊಮ್ಮೆ ಸರ್ಕಾರಿ ಆಸ್ಪತ್ರೆಯಲ್ಲಿ ಸೂಜಿ ಹಾಕಿಸಿದರಾಯಿತು. ಹತ್ತು ಸಾವಿರ ದಾಟುವುದಿಲ್ಲ." ತಂಗಿಗೆ ಅನುಮಾನ. ದಾವಣಗೆರೆಯಲ್ಲಿ ಮೂರು ವರ್ಷದಿಂದ ಕೆಂಪಿಯನ್ನು ಸಾಕಿಕೊಂಡು, ಅವಳ ಖರ್ಚನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುವ ಹುಚ್ಚಿರುವ ನನಗೆ ಫೋನ್ ಬಂತು. "ಅಣ್ಣಾ, ನಿಜವಾಗಿ ಎಷ್ಟಾಗುತ್ತದೆ ಹೇಳು."

ಭಾವನವರ ಲೆಕ್ಕ ತಪ್ಪು ಎಂದು ಮೊದಲಿಗೆ ನನಗೂ ಅನಿಸಿತ್ತು. ಕೂಡಿ ನೋಡಿದರೆ ಅವರ ಕೂಡುವಿಕೆಯಲ್ಲಿ ತಪ್ಪೇ ಇಲ್ಲ. ದಿನಕ್ಕೆ 200 ಗ್ರಾಂ ಅಕ್ಕಿಯ ಅನ್ನ, 300 ಮಿಲಿಲೀಟರ್ ಹಾಲು ಎಂದರೆ ಸುಮಾರು 24 ರೂಪಾಯಿ, ವರ್ಷಕ್ಕೆ 8,760. ಅದಕ್ಕೆ ಲಸಿಕೆ ಮತ್ತು ಜಂತುಹುಳುವಿನ ಮಾತ್ರೆಗೆ ಒಂದು ಸಾವಿರದೊಳಗೆ ಸೇರಿಸಿದರೆ ಹತ್ತು ಸಾವಿರಕ್ಕೆ ಸ್ವಲ್ಪ ಕಡಿಮೆಯೇ ಆಗುತ್ತದೆ. ತೊಂದರೆ ಇರುವುದು ಆ ತಟ್ಟೆಯಲ್ಲಿ. ಹಾಗಾಗಿ ಊಟದಿಂದಲೇ ಶುರು ಮಾಡುತ್ತೇನೆ.

ನಾಯಿಗೆ ದಿನಕ್ಕೆ ಎಷ್ಟು ಆಹಾರ ಬೇಕು ಎಂಬುದು ಅದರ ತೂಕದಿಂದ ಗೊತ್ತಾಗುತ್ತದೆ, ಆದರೆ ತೂಕ ದುಪ್ಪಟ್ಟಾದರೆ ಊಟ ದುಪ್ಪಟ್ಟಾಗುವುದಿಲ್ಲ. ಪಶುವೈದ್ಯರು ಬಳಸುವ ಸೂತ್ರ ಇದು: ತೂಕದ 0.75 ಘಾತವನ್ನು 70ರಿಂದ ಗುಣಿಸಬೇಕು. ಮೊಬೈಲಿನ ಸಾಮಾನ್ಯ ಕ್ಯಾಲ್ಕುಲೇಟರಿನಲ್ಲೂ ಇದನ್ನು ಮಾಡಬಹುದು. ತೂಕವನ್ನು ಮೂರು ಬಾರಿ ಗುಣಿಸಿ, ಬಂದ ಸಂಖ್ಯೆಗೆ ಎರಡು ಸಲ ವರ್ಗಮೂಲ ತೆಗೆದರೆ ಸಾಕು. ಕೆಂಪಿಯ ತೂಕ 16 ಕಿಲೋ. 16×16×16 ಎಂದರೆ 4,096. ಅದರ ವರ್ಗಮೂಲ 64. ಅದರ ವರ್ಗಮೂಲ 8. ಎಂಟನ್ನು 70ರಿಂದ ಗುಣಿಸಿದರೆ 560. ಸುಮ್ಮನೆ ಮಲಗಿದ್ದರೂ ಅವಳ ದೇಹಕ್ಕೆ ಇಷ್ಟು ಕಿಲೋಕ್ಯಾಲರಿ ಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆಯಾದ, ಮನೆಯಲ್ಲಿ ಸಾಧಾರಣವಾಗಿ ಓಡಾಡಿಕೊಂಡಿರುವ ನಾಯಿಗೆ ಇದನ್ನು 1.6ರಿಂದ ಗುಣಿಸುವುದು ವಾಡಿಕೆ. 896 ಬರುತ್ತದೆ, 900 ಎಂದಿಟ್ಟುಕೊಳ್ಳೋಣ. ಇದೇ ಲೆಕ್ಕದಲ್ಲಿ 32 ಕಿಲೋ ತೂಗುವ ಲ್ಯಾಬ್ರಡಾರಿಗೆ 1,500ರಷ್ಟು ಬೇಕು. ತೂಕ ಎರಡು ಪಟ್ಟು, ಊಟ ಒಂದೂ ಮುಕ್ಕಾಲು ಪಟ್ಟಿಗಿಂತ ಸ್ವಲ್ಪ ಕಡಿಮೆ.

ಈ ಸಂಖ್ಯೆ ಶಿಲಾಶಾಸನವಲ್ಲ. ನಾಯಿಯ ಪಕ್ಕೆಯ ಮೇಲೆ ಅಂಗೈ ಆಡಿಸಿದಾಗ ಎಲುಬುಗಳು ಒತ್ತದೆಯೇ ಕೈಗೆ ಸಿಗಬೇಕು, ಕಣ್ಣಿಗೆ ಮಾತ್ರ ಎದ್ದು ಕಾಣಬಾರದು. ಮೇಲಿನಿಂದ ನೋಡಿದಾಗ ಪಕ್ಕೆಯ ಹಿಂದೆ ನಡು ಸಣ್ಣಗಾಗಿರಬೇಕು. ಹಾಗಿಲ್ಲದಿದ್ದರೆ ಹತ್ತರಲ್ಲಿ ಒಂದು ಪಾಲು ಹೆಚ್ಚು ಕಡಿಮೆ ಮಾಡಿ ಮೂರು ವಾರ ಕಾದು ನೋಡಬೇಕು. ಮನೆಯಲ್ಲಿ ತೂಕ ನೋಡುವುದು ಸುಲಭ: ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನೀವೊಬ್ಬರೇ ನಿಂತು, ಕಳೆಯಿರಿ. ಲ್ಯಾಬ್ರಡಾರ್ ಇದ್ದವರು ಆಸ್ಪತ್ರೆಯಲ್ಲೇ ನೋಡಿಸುವುದು ಸೊಂಟಕ್ಕೆ ಒಳ್ಳೆಯದು.

ಈಗ 900 ಕಿಲೋಕ್ಯಾಲರಿಯನ್ನು ಯಾವುದರಿಂದ ತುಂಬುವುದು? ಇಲ್ಲಿ ಎಲ್ಲರೂ ಮಾಡುವ ತಪ್ಪು ಎಂದರೆ ಕಿಲೋದ ದರವನ್ನು ಹೋಲಿಸುವುದು. ನಾಯಿಗೆ ಬೇಕಿರುವುದು ಕಿಲೋ ಅಲ್ಲ. ಸಾವಿರ ಕಿಲೋಕ್ಯಾಲರಿಗೆ ಎಷ್ಟು ರೂಪಾಯಿ ಎಂದು ಕೇಳಿದರೆ ಮಾತ್ರ ಒಂದು ಚೀಲವನ್ನು ಇನ್ನೊಂದರ ಪಕ್ಕ ಇಡಬಹುದು. ಕೆಲವು ಚೀಲಗಳ ಮೇಲೆ kcal/kg ಎಂದು ಅಚ್ಚಾಗಿರುತ್ತದೆ. ಇಲ್ಲದಿದ್ದರೆ ಹಿಂಬದಿಯ ಪಟ್ಟಿಯಿಂದ ನಾವೇ ಅಂದಾಜು ಮಾಡಬಹುದು. ಕೆಂಪಿಗೆ ನಾನು ತರುವ ಸಾಧಾರಣ ದರ್ಜೆಯ ಒಣ ಆಹಾರದ ಚೀಲದಲ್ಲಿ ಪ್ರೋಟೀನ್ 20, ಕೊಬ್ಬು 10, ನಾರು 5, ತೇವಾಂಶ 10 ಶೇಕಡಾ ಎಂದಿದೆ. ಬೂದಿಯ ಅಂಶ ಬರೆದಿರುವುದಿಲ್ಲ, 8 ಎಂದು ಹಿಡಿಯುವುದು ರೂಢಿ. ನೂರರಲ್ಲಿ ಇವೆಲ್ಲವನ್ನೂ ಕಳೆದರೆ ಉಳಿಯುವ 47 ಪಿಷ್ಟ. ಪ್ರೋಟೀನ್ ಮತ್ತು ಪಿಷ್ಟಕ್ಕೆ ಗ್ರಾಮಿಗೆ 3.5, ಕೊಬ್ಬಿಗೆ 8.5 ಎಂದು ಗುಣಿಸಿ ಕೂಡಿದರೆ 100 ಗ್ರಾಮಿಗೆ ಸುಮಾರು 320, ಕಿಲೋಗೆ 3,200 ಕಿಲೋಕ್ಯಾಲರಿ.

ಇಲ್ಲಿಂದ ಮುಂದೆ ಬರುವ ದರಗಳೆಲ್ಲ ನನ್ನ ನೋಟ್‌ಬುಕ್ಕಿನವು. ನಿಮ್ಮ ಬೀದಿಯ ದರ ಬೇರೆ ಇರಬಹುದು, ಸಂಖ್ಯೆ ಬದಲಿಸಿಕೊಳ್ಳಿ. ಈ ಚೀಲ ಕಿಲೋಗೆ 220 ರೂಪಾಯಿ. ಅಂದರೆ ಸಾವಿರ ಕಿಲೋಕ್ಯಾಲರಿಗೆ 69 ರೂಪಾಯಿ. ಕೆಂಪಿಗೆ ದಿನಕ್ಕೆ 281 ಗ್ರಾಂ, 62 ರೂಪಾಯಿ. ವರ್ಷಕ್ಕೆ ಸುಮಾರು 22,600. ಅದೇ ಅಂಗಡಿಯ ಮೇಲಿನ ಸಾಲಿನಲ್ಲಿ ಕಿಲೋಗೆ 600 ರೂಪಾಯಿಯ, 3,900 ಕಿಲೋಕ್ಯಾಲರಿಯ ಚೀಲವೂ ಇದೆ. ಕಿಲೋದ ದರ ನೋಡಿದರೆ ಅದು ಹತ್ತಿರ ಹತ್ತಿರ ಮೂರು ಪಟ್ಟು ದುಬಾರಿ. ಶಕ್ತಿಯ ಲೆಕ್ಕದಲ್ಲಿ ಎರಡೂಕಾಲು ಪಟ್ಟು. ಆದರೂ ವರ್ಷಕ್ಕೆ 50,000 ದಾಟುತ್ತದೆ.

ಇನ್ನು ಮನೆಯ ಅಡುಗೆ. ಭಾವನವರ ಅನ್ನ ಹಾಲಿನಲ್ಲಿ ಕ್ಯಾಲರಿಗೆ ಕೊರತೆಯಿಲ್ಲ, 900 ಸರಿಯಾಗಿ ಸಿಗುತ್ತದೆ. ಆದ್ದರಿಂದಲೇ ನಾಯಿ ಹೊಟ್ಟೆ ತುಂಬಿದಂತೆ, ಕೆಲವೊಮ್ಮೆ ದಪ್ಪಗೂ ಕಾಣುತ್ತದೆ. ಪ್ರೋಟೀನ್ ಮಾತ್ರ 24 ಗ್ರಾಂ ಆಸುಪಾಸು. ಬೆಳೆದ ನಾಯಿಗೆ ಸಾವಿರ ಕಿಲೋಕ್ಯಾಲರಿಗೆ ಕನಿಷ್ಠ 45 ಗ್ರಾಂ ಎಂಬ ಮಟ್ಟದಲ್ಲಿ ನೋಡಿದರೆ ಕೆಂಪಿಗೆ 40 ಬೇಕು. ಸತುವಿನಂಥ ಅಂಶಗಳೂ ಸಾಲುವುದಿಲ್ಲ. ಕೊರತೆ ತಟ್ಟೆಯಲ್ಲಿ ಕಾಣದಿದ್ದರೂ ಮೈಮೇಲೆ ಕಾಣುತ್ತದೆ: ತಿಂಗಳುಗಳ ನಂತರ ಕೂದಲು ಕಳೆಗುಂದುತ್ತದೆ, ಚರ್ಮ ಹೊಟ್ಟೇಳುತ್ತದೆ. ಆಗ ಚರ್ಮದ ಔಷಧಿಗೆ ಹೋಗುವ ದುಡ್ಡನ್ನು ಯಾರೂ ಊಟದ ಖಾತೆಗೆ ಬರೆಯುವುದಿಲ್ಲ.

ಹಾಗಾದರೆ ಸರಿಯಾದ ಮನೆ ಅಡುಗೆಗೆ ಎಷ್ಟು? ನಾನು ಒಂದು ತಿಂಗಳು ಮಾಡಿ ನೋಡಿದೆ. ದಿನಕ್ಕೆ 130 ಗ್ರಾಂ ಅಕ್ಕಿ, ಮೂಳೆ ತೆಗೆದ 200 ಗ್ರಾಂ ಕೋಳಿ ಮಾಂಸ, ಒಂದು ಮೊಟ್ಟೆ, ಒಂದು ತುಂಡು ಕೋಳಿಯ ಲಿವರ್, ಒಂದಿಷ್ಟು ಕುಂಬಳ ಅಥವಾ ಗಜ್ಜರಿ, ಒಂದು ಚಮಚ ಎಣ್ಣೆ, ಎರಡು ಮೂರು ಚಮಚ ಮೊಸರು. ಜೊತೆಗೆ ವೈದ್ಯರು ಬರೆದುಕೊಟ್ಟ ಖನಿಜ ಮತ್ತು ವಿಟಮಿನ್ ಪುಡಿ. ಸುಣ್ಣದಂಶಕ್ಕೆ ಮೊಟ್ಟೆಯ ಚಿಪ್ಪನ್ನು ತೊಳೆದು, ಒಣಗಿಸಿ, ನುಣ್ಣಗೆ ಪುಡಿ ಮಾಡಿ ಅರ್ಧ ಚಮಚ. ಇದನ್ನು ಬಿಡುವಂತಿಲ್ಲ, ಏಕೆಂದರೆ ಮೂಳೆಯಿಲ್ಲದ ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಬಹಳ ಕಡಿಮೆ. ಅಂಗಡಿಯಲ್ಲಿ ಚರ್ಮ ತೆಗೆದ ಕೋಳಿ ಕಿಲೋಗೆ 220 ರೂಪಾಯಿಯಾದರೆ, ಮೂಳೆ ಕಳೆದ ಮೇಲೆ ಮಾಂಸ 330 ರೂಪಾಯಿಗೆ ಬೀಳುತ್ತದೆ. ಹೀಗಾಗಿ ಮಾಂಸಕ್ಕೇ 66 ರೂಪಾಯಿ. ಗ್ಯಾಸ್ ಸೇರಿಸಿ ದಿನಕ್ಕೆ 98, ವರ್ಷಕ್ಕೆ 36,000ದ ಹತ್ತಿರ.

ನನಗೇ ಆಶ್ಚರ್ಯವಾಯಿತು. ‘ಮನೆ ಊಟ ಅಗ್ಗ’ ಎಂಬ ಮಾತು ನಿಜವಾಗುವುದು ಅದು ಅರೆಬರೆ ಊಟವಾಗಿದ್ದಾಗ ಮಾತ್ರ. ಪೂರ್ತಿ ಮಾಡಹೊರಟರೆ ಸಾಧಾರಣ ಚೀಲಕ್ಕಿಂತ 13,000 ರೂಪಾಯಿ ಹೆಚ್ಚು.

ಇದನ್ನು ಇಳಿಸುವ ದಾರಿ ಮೊಟ್ಟೆಯಲ್ಲಿದೆ. ಆರೂವರೆ ರೂಪಾಯಿಯ ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನ್, ಅಂದರೆ ಗ್ರಾಮಿಗೆ ಒಂದು ರೂಪಾಯಿ ಚಿಲ್ಲರೆ. ಮೂಳೆ ತೆಗೆದ ಕೋಳಿಯಲ್ಲಿ ಗ್ರಾಮಿಗೆ ಒಂದು ರೂಪಾಯಿ 65 ಪೈಸೆ. ಮಾಂಸವನ್ನು 100 ಗ್ರಾಮಿಗೆ ಇಳಿಸಿ ಮೊಟ್ಟೆಯನ್ನು ಮೂರಕ್ಕೆ ಏರಿಸಿದರೆ ಕ್ಯಾಲರಿ 900ರ ಹತ್ತಿರವೇ ನಿಲ್ಲುತ್ತದೆ, ಪ್ರೋಟೀನ್ 50 ದಾಟುತ್ತದೆ, ದಿನದ ಖರ್ಚು 78 ಚಿಲ್ಲರೆಗೆ ಬರುತ್ತದೆ. ವರ್ಷಕ್ಕೆ 28,600. ಕೋಳಿ ಅಂಗಡಿಯಲ್ಲಿ ತಲೆ, ಕಾಲು, ಕತ್ತರಿಸಿ ಉಳಿದದ್ದನ್ನು ನಾಯಿಗೆಂದು ಅಗ್ಗಕ್ಕೆ ಕೊಡುತ್ತಾರೆ, ನಮ್ಮ ಬೀದಿಯಲ್ಲಿ ಹಲವರು ತರುತ್ತಾರೆ. ಅದರಲ್ಲಿ ಮಾಂಸವೆಷ್ಟು, ಚರ್ಮ ಮತ್ತು ಕೊಬ್ಬೆಷ್ಟು ಎಂಬುದು ಪ್ರತಿದಿನ ಬೇರೆಯಾದ್ದರಿಂದ ಲೆಕ್ಕಕ್ಕೆ ಸಿಗುವುದಿಲ್ಲ. ಬೇಯಿಸಿದ ಮೂಳೆ ಚೂರಾಗಿ ಗಂಟಲಲ್ಲೋ ಕರುಳಲ್ಲೋ ಚುಚ್ಚುವ ಭಯವೂ ಇದೆ. ಮನೆಯವರ ಸಾರು ಉಳಿದಿದೆ ಎಂದು ಹಾಕುವುದಂತೂ ಬೇಡವೇ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ.

ಚೀಲದ ಆಹಾರ ಆರಿಸಿಕೊಂಡವರು ದುಡ್ಡು ಕಳೆದುಕೊಳ್ಳುವುದು ಎರಡು ಕಡೆ. ಒಂದು, ಅಳತೆ. ಕಣ್ಣಂದಾಜಿನಲ್ಲಿ ಬಟ್ಟಲು ತುಂಬಿಸಿದರೆ ಹತ್ತರಲ್ಲಿ ಒಂದು ಪಾಲು ಹೆಚ್ಚಾಗುವುದು ಏನೂ ಅಲ್ಲ. ದಿನಕ್ಕೆ 28 ಗ್ರಾಂ, ವರ್ಷಕ್ಕೆ ಒಂದು ಇಡೀ ಹತ್ತು ಕಿಲೋ ಚೀಲ. ಆ ಚೀಲ ಹೋಗುವುದು ನಾಯಿಯ ಸೊಂಟಕ್ಕೆ. ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಬಾರಿ ತೂಗಿ, ಹಳೆಯ ಲೋಟವೊಂದರಲ್ಲಿ ಅಷ್ಟಕ್ಕೆ ಗೆರೆ ಹಾಕಿಟ್ಟರೆ ಸಾಕು. ಇನ್ನೊಂದು, ದೊಡ್ಡ ಚೀಲದ ಆಸೆ. ಇಪ್ಪತ್ತು ಕಿಲೋ ಚೀಲದಲ್ಲಿ ಕಿಲೋದ ದರ ಕಡಿಮೆ ನಿಜ, ಆದರೆ ಕೆಂಪಿಗೆ ಅದು 71 ದಿನ ಬರುತ್ತದೆ. ನಮ್ಮ ಊರಿನ ಏಪ್ರಿಲ್ ಬಿಸಿಲಿನಲ್ಲಿ ಬಾಯಿ ತೆರೆದ ಚೀಲದ ಕೊಬ್ಬು ಅಷ್ಟು ದಿನ ಕೆಡದೆ ಉಳಿಯುವುದಿಲ್ಲ. ಹಳೆಯ ಎಣ್ಣೆಯ ಕಮಟು ವಾಸನೆ ಬಂದರೆ, ನಿನ್ನೆಯವರೆಗೆ ತಿನ್ನುತ್ತಿದ್ದ ನಾಯಿ ಇಂದು ಮೂಸಿ ಹಿಂದೆ ಸರಿದರೆ ಅದೇ ಸೂಚನೆ. ಐದಾರು ವಾರದಲ್ಲಿ ಮುಗಿಯುವ ಚೀಲ ಸರಿ. ಕೆಂಪಿಗೆ ಹತ್ತು ಕಿಲೋ, ಲ್ಯಾಬ್ರಡಾರಿಗೆ ಇಪ್ಪತ್ತು.

ಈಗ ಎಲ್ಲರೂ ಚೌಕಾಸಿ ಮಾಡುವ ಜಾಗಕ್ಕೆ, ಅಂದರೆ ಆಸ್ಪತ್ರೆಗೆ ಬರೋಣ. ಬೆಳೆದ ನಾಯಿಗೆ ವರ್ಷಕ್ಕೆ ಎರಡು ಲಸಿಕೆ. ಒಂದು ರೇಬಿಸ್‌ನದು. ಇನ್ನೊಂದು ‘ಸೆವೆನ್ ಇನ್ ಒನ್’, ‘ನೈನ್ ಇನ್ ಒನ್’ ಎಂದು ಕರೆಯುವ ಬಹುರೋಗ ಲಸಿಕೆ. ಡಿಸ್ಟೆಂಪರ್, ಪಾರ್ವೋ, ಹೆಪಟೈಟಿಸ್, ಲೆಪ್ಟೊಸ್ಪೈರೋಸಿಸ್ ಮೊದಲಾದವು ಅದರಲ್ಲಿ ಸೇರಿರುತ್ತವೆ. ಮೂರು ತಿಂಗಳಿಗೊಮ್ಮೆ ಜಂತುಹುಳುವಿನ ಮಾತ್ರೆ, ತಿಂಗಳಿಗೊಮ್ಮೆ ಉಣ್ಣಿಗೆ ಬೆನ್ನಿನ ಮೇಲೆ ಹಾಕುವ ಹನಿ. ಖಾಸಗಿ ಕ್ಲಿನಿಕ್ಕಿನಲ್ಲಿ ನನಗೆ ಬಿದ್ದದ್ದು ಹೀಗೆ: ಬಹುರೋಗ ಲಸಿಕೆಗೆ 700, ರೇಬಿಸ್‌ಗೆ 300, ಎರಡು ಭೇಟಿಯ ಶುಲ್ಕ 800, ಮಾತ್ರೆಗೆ 480, ಉಣ್ಣಿಯ ಹನಿಗೆ 4,800. ಒಟ್ಟು 7,080. ಸರ್ಕಾರಿ ಪಶು ಆಸ್ಪತ್ರೆಗೆ ಹೋದ ವರ್ಷ ರೇಬಿಸ್ ಲಸಿಕೆ ಉಚಿತ, ಬಹುರೋಗ ಲಸಿಕೆಯನ್ನು ಹೊರಗೆ 500ಕ್ಕೆ ಕೊಂಡೊಯ್ದೆ, ಉಳಿದದ್ದು ಅಷ್ಟೇ. ಒಟ್ಟು 5,780.

ವ್ಯತ್ಯಾಸ 1,300 ರೂಪಾಯಿ. ‘ಖಾಸಗಿಯವರು ಸುಲಿಯುತ್ತಾರೆ’, ‘ಸರ್ಕಾರಿಯಲ್ಲಿ ಯಾರು ಕಾಯುತ್ತಾರೆ’ ಎಂದು ಬೆಣ್ಣೆ ದೋಸೆ ಆರುವವರೆಗೆ ನಡೆಯುವ ಜಗಳವೆಲ್ಲ ಈ 1,300ಕ್ಕೆ. ಊಟದ ಆಯ್ಕೆಗಳ ನಡುವಿನ ಅಂತರ ಇದರ ಹತ್ತು ಪಟ್ಟು.

ಹಾಗಾಗಿ ಆಸ್ಪತ್ರೆಯನ್ನು ದರದಿಂದ ಆರಿಸುವ ಬದಲು ಲಸಿಕೆ ತಂಪಾಗಿ ಬಂದಿದೆಯೇ ಎಂಬುದರಿಂದ ಆರಿಸಿ ಎನ್ನುತ್ತೇನೆ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಮೆಡಿಕಲ್ ಅಂಗಡಿಯಲ್ಲಿ ಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಒಯ್ದರೆ ಬಹುರೋಗ ಲಸಿಕೆಯೊಳಗಿನ ಜೀವಂತ ವೈರಾಣು ಸತ್ತುಹೋಗಬಹುದು. ಬಾಟಲಿ ನೋಡಿದರೆ ಗೊತ್ತಾಗುವುದಿಲ್ಲ. ನಾಯಿಗೆ ಸೂಜಿಯ ನೋವು ಮಾತ್ರ ಸಿಕ್ಕಿರುತ್ತದೆ. ಐಸ್ ಇಟ್ಟ ಸಣ್ಣ ಫ್ಲಾಸ್ಕಿನಲ್ಲಿ ಒಯ್ಯಬೇಕು, ಬಾಟಲಿ ಐಸಿಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಬೇಕು, ಏಕೆಂದರೆ ರೇಬಿಸ್ ಲಸಿಕೆ ಹೆಪ್ಪುಗಟ್ಟಿದರೂ ಕೆಡುತ್ತದೆ. ಪುಡಿಯ ಬಾಟಲಿಗೆ ದ್ರವ ಬೆರೆಸುವುದು ನಿಮ್ಮ ಕಣ್ಣೆದುರೇ ಆಗಲಿ. ಬಾಟಲಿಯ ಮೇಲಿನ ಚೀಟಿ ಲಸಿಕೆ ಪುಸ್ತಕಕ್ಕೆ ಅಂಟಲಿ, ಅದರಲ್ಲಿ ಬ್ಯಾಚ್ ಸಂಖ್ಯೆ ಮತ್ತು ಅವಧಿಯ ದಿನಾಂಕವಿರುತ್ತದೆ. ಇನ್ನೊಂದು ಮಾತು: ಲಸಿಕೆಯ ಪ್ರಮಾಣ ತೂಕದ ಮೇಲೆ ಬದಲಾಗುವುದಿಲ್ಲ. ಐದು ಕಿಲೋ ನಾಯಿಗೂ ನಲವತ್ತು ಕಿಲೋ ನಾಯಿಗೂ ಒಂದೇ ಬಾಟಲಿ. ದೊಡ್ಡ ನಾಯಿಗೆ ಖರ್ಚು ಏರುವುದು ಮಾತ್ರೆಯಲ್ಲಿ, ಹನಿಯಲ್ಲಿ, ಊಟದಲ್ಲಿ.

ಪಟ್ಟಿಯಲ್ಲಿ ಕಣ್ಣಿಗೆ ಹೊಡೆಯುವುದು ಉಣ್ಣಿಯ 4,800. ಎರಡನೆಯ ವರ್ಷ ನಾನು ಜಾಣತನ ಮಾಡಲು ಹೋಗಿ ಚಳಿಗಾಲದ ನಾಲ್ಕು ತಿಂಗಳು ಹನಿ ನಿಲ್ಲಿಸಿದೆ. ಉಣ್ಣಿ ನಾಯಿಯ ಮೈಮೇಲಷ್ಟೇ ಇರುವುದಿಲ್ಲ. ರಕ್ತ ಕುಡಿದು ಕೆಳಗೆ ಬಿದ್ದು, ಗೋಡೆಯ ಬಿರುಕಿನಲ್ಲಿ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ನಮ್ಮ ಕಡೆಯ ಚಳಿ ಅದಕ್ಕೆ ಚಳಿಯೇ ಅಲ್ಲ. ಫೆಬ್ರುವರಿಯಲ್ಲಿ ಕೆಂಪಿ ಊಟ ಬಿಟ್ಟಳು, ಮೈ ಸುಡುತ್ತಿತ್ತು, ವಸಡು ಬೆಳ್ಳಗಾಗಿತ್ತು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಬಿದ್ದುಹೋಗಿತ್ತು. ಉಣ್ಣಿ ಜ್ವರ, ಎರ್ಲಿಕಿಯಾ. ಮೂರು ದಿನ ಡ್ರಿಪ್, ಮೂರು ಬಾರಿ ರಕ್ತ ಪರೀಕ್ಷೆ, 28 ದಿನ ಮಾತ್ರೆ. ಎಲ್ಲ ಸೇರಿ 7,000. ಐದನೆಯ ದಿನವೇ ಅವಳು ಎದ್ದು ಬಾಲ ಅಲ್ಲಾಡಿಸಿದಳು, ಮಾತ್ರೆ ನಿಲ್ಲಿಸೋಣವೇ ಎಂದು ಕೇಳಿದೆ. ವೈದ್ಯರು ಗದರಿದರು. ಅರ್ಧಕ್ಕೆ ನಿಲ್ಲಿಸಿದರೆ ರೋಗಾಣು ಒಳಗೇ ಉಳಿದು ತಿಂಗಳುಗಳ ನಂತರ ಮತ್ತೆ ಏಳುತ್ತದೆ.

ಲೆಕ್ಕದ ಮನುಷ್ಯನಾಗಿ ಇಲ್ಲಿ ಒಂದು ಕಹಿ ಸತ್ಯ ಒಪ್ಪಿಕೊಳ್ಳಬೇಕು. ತಡೆಯುವುದೇ ಅಗ್ಗ ಎಂಬ ಮಾತು ಇಲ್ಲಿ ಸುಲಭವಾಗಿ ನಿಲ್ಲುವುದಿಲ್ಲ. 7,000ದ ಜ್ವರವನ್ನು ತಡೆಯಲು ವರ್ಷಕ್ಕೆ 4,800 ಕೊಡುವುದು ಲಾಭವಾಗಬೇಕಾದರೆ ಜ್ವರ ಹತ್ತು ವರ್ಷದಲ್ಲಿ ಏಳು ಸಲ ಬರುವಂತಿರಬೇಕು. ಆದರೆ ಎಲ್ಲ ಜ್ವರವೂ 7,000ಕ್ಕೆ ಮುಗಿಯುವುದಿಲ್ಲ. ಮೂಗಿನಿಂದ ರಕ್ತ ಬಂದು, ರಕ್ತ ಕೊಡಿಸಲು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಬೆಂಗಳೂರಿಗೋ ಕಾರು ಮಾಡಿಕೊಂಡು ಹೋಗಬೇಕಾದರೆ 25,000 ಎಂದಿಟ್ಟುಕೊಳ್ಳಿ; ಆಗ ಐದು ವರ್ಷಕ್ಕೊಮ್ಮೆ ಬಂದರೂ ಹನಿಯ ದುಡ್ಡು ಸರಿಹೋಗುತ್ತದೆ. ಮನೆಯಿಂದ ಹೊರಗೇ ಬಿಡದ, ಮೂರನೆಯ ಮಹಡಿಯ ನಾಯಿಗೂ, ಹಿತ್ತಲಲ್ಲಿ ಬೀದಿ ನಾಯಿಗಳ ಜೊತೆ ಹೊರಳಾಡುವ ಕೆಂಪಿಗೂ ಒಂದೇ ಉತ್ತರವಿಲ್ಲ. ಮರಿಯ ಪಾರ್ವೋ ಲಸಿಕೆಯಲ್ಲಿ ಮಾತ್ರ ಇಂಥ ಗೊಂದಲವಿಲ್ಲ: ಆರರಿಂದ ಎಂಟು ವಾರದಲ್ಲಿ ಶುರುಮಾಡಿ ಹದಿನಾರು ವಾರದವರೆಗೆ ಕೊಡುವ ಮೂರು ನಾಲ್ಕು ಸೂಜಿಗೆ ಮೂರು ಸಾವಿರದೊಳಗೆ ಖರ್ಚು, ರೋಗ ಬಂದರೆ ಐದಾರು ದಿನದ ಡ್ರಿಪ್ಪಿಗೇ ಅದರ ಮೂರು ಪಟ್ಟು, ಅಷ್ಟಾದರೂ ಮರಿ ಉಳಿದೀತು ಎಂಬ ಖಾತ್ರಿಯಿಲ್ಲ. ರೇಬಿಸ್‌ಗೆ ಲೆಕ್ಕವೇ ಇಲ್ಲ. ಬಂದ ಮೇಲೆ ಅದಕ್ಕೆ ಚಿಕಿತ್ಸೆಯಿಲ್ಲ, ಮನೆಯವರಿಗೂ ಹರಡುತ್ತದೆ.

ಇಂಥ ಅನಿಶ್ಚಿತ ಖರ್ಚಿಗೆ ನಾನು ತಿಂಗಳಿಗೆ 500 ರೂಪಾಯಿಯನ್ನು ಬೇರೆ ಖಾತೆಗೆ ಹಾಕುತ್ತೇನೆ. ಎರಡು ವರ್ಷದಲ್ಲಿ 12,000 ಆಗುತ್ತದೆ; ಒಂದು ಉಣ್ಣಿ ಜ್ವರ, ಮೇಲೊಂದು ಗಾಯದ ಹೊಲಿಗೆ ದಾಟಬಹುದು. ವಿಮೆಯೂ ಸಿಗುತ್ತದೆ, ಆದರೆ ಲಸಿಕೆ, ಊಟ, ಮೊದಲೇ ಇದ್ದ ರೋಗ ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ. ಕೊಳ್ಳುವ ಮುಂಚೆ ಹೊರಗಿಟ್ಟವುಗಳ ಪಟ್ಟಿಯನ್ನು ಓದುವುದು ಒಳ್ಳೆಯದು.

ಕೂಡಿಸಿ ತಂಗಿಗೆ ಹೇಳಿದ್ದು ಇಷ್ಟು. ಸಾಧಾರಣ ಚೀಲ, ಖಾಸಗಿ ಕ್ಲಿನಿಕ್, ಆಪತ್ತಿನ ನಿಧಿ ಸೇರಿದರೆ ವರ್ಷಕ್ಕೆ 35,700. ಮೊಟ್ಟೆ ಕೋಳಿಯ ಮನೆ ಅಡುಗೆ, ಸರ್ಕಾರಿ ಆಸ್ಪತ್ರೆ, ಅದೇ ನಿಧಿ ಎಂದರೆ 40,400, ಜೊತೆಗೆ ದಿನಾ ಮುಕ್ಕಾಲು ಗಂಟೆಯ ಕೆಲಸ. ನನ್ನ ಆಯ್ಕೆ ಸಾಧಾರಣ ಚೀಲ ಮತ್ತು ಸರ್ಕಾರಿ ಆಸ್ಪತ್ರೆ, 34,400. ಜ್ವರ ಬಂದ ರಾತ್ರಿ ಮಾತ್ರ ಖಾಸಗಿ.

ಭಾವನವರು ಫೋನ್ ತೆಗೆದುಕೊಂಡರು. "ಅದು ಬೆಳೆದ ನಾಯಿಯ ಲೆಕ್ಕವಾಯಿತು. ನಮ್ಮದು ನಾಲ್ಕು ಕಿಲೋ ಮರಿ. ಮೊದಲ ವರ್ಷ ಎಷ್ಟು ತಿಂದೀತು?" ನಾಲ್ಕನ್ನು ಮೂರು ಬಾರಿ ಗುಣಿಸಿದರೆ 64, ವರ್ಗಮೂಲ 8, ಇನ್ನೊಮ್ಮೆ ತೆಗೆದರೆ 2.83. ಎಪ್ಪತ್ತರಿಂದ ಗುಣಿಸಿದರೆ 198. ನಾಲ್ಕು ತಿಂಗಳೊಳಗಿನ ಮರಿ ಬೆಳೆಯುತ್ತಿರುತ್ತದೆ, ಆದ್ದರಿಂದ 1.6ರ ಬದಲು ಮೂರರಿಂದ ಗುಣಿಸಬೇಕು. 594. ತೂಕದಲ್ಲಿ ಕೆಂಪಿಯ ಕಾಲು ಭಾಗ, ಊಟದಲ್ಲಿ ಮೂರನೆಯ ಎರಡು ಭಾಗ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಡುಗೆಮನೆಯ ತಕ್ಕಡಿಗೆ ಎಷ್ಟಾಗುತ್ತದೆ ಎಂದು ಕೇಳಿದರು.